ಬಂಗು ಒಂದು ಪದರದಲ್ಲಿ, ಮುಖ ಇನ್ನೊಂದರಲ್ಲಿ

ಹನ್ನೆರಡು ವರ್ಷ ಮದುವೆ ಆಲ್ಬಮ್‌ಗಳಲ್ಲಿ ಮುಖ ತಿದ್ದಿದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಶಿವಾಜಿನಗರದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಸ್ಟುಡಿಯೊ. ಚರ್ಮದ ಬಣ್ಣವನ್ನೂ ಅದರ ನವಿರು ವಿವರಗಳನ್ನೂ ಎರಡು ಪದರವಾಗಿ ಬೇರ್ಪಡಿಸುವ ಫ್ರೀಕ್ವೆನ್ಸಿ ಸೆಪರೇಷನ್ ನನಗೆ ನೀರು ಕುಡಿದಷ್ಟು ಸುಲಭ. ಒಂದು ಬಟನ್ ಒತ್ತಿದರೆ ತಾನೇ ಆಗುವಂತೆ ಕಂಪ್ಯೂಟರಿನಲ್ಲಿ ಆಕ್ಷನ್ ಕೂಡ ಮಾಡಿಟ್ಟಿದ್ದೆ. ಎಲ್ಲ ಮುಖಕ್ಕೂ ಅದೇ ಬಟನ್, ಮಸುಕುಗೊಳಿಸಲು ಅದೇ ಬ್ಲರ್ ಅಳತೆ.

ಕೆ.ಆರ್. ಪುರದ ಕಡೆಯ ಒಬ್ಬ ಮದುಮಗಳ ಆಲ್ಬಮ್ ಬಂತು. ಅವಳ ತಾಯಿಯ ಎರಡೂ ಕೆನ್ನೆಯ ಮೇಲೆ ದಟ್ಟವಾದ ಬಂಗು, ಕಂದು ಕಲೆ. ಆಕೆ ಎಲ್ಲ ಫೋಟೊದಲ್ಲೂ ಸೆರಗನ್ನು ಕೆನ್ನೆಗೆ ಎಳೆದುಕೊಂಡಿದ್ದರು, ಧಾರೆ ಎರೆಯುವಾಗಿನ ಒಂದನ್ನು ಬಿಟ್ಟು. ಅಲ್ಲಿ ಎರಡೂ ಕೈ ಚೆಂಬಿನ ಮೇಲಿತ್ತು, ಸೆರಗು ಜಾರಿತ್ತು. ಮಗಳಿಗೆ ಆ ಫೋಟೊವೇ ಮೊದಲ ಪುಟಕ್ಕೆ ಬೇಕಿತ್ತು. "ಚೆನ್ನಾಗಿ ಬರ್ಲಿಲ್ಲಾಂದ್ರೆ ನಂದು ಒಂದೂ ಹಾಕ್ಬೇಡ" ಎಂದು ತಾಯಿ ಹೇಳಿಬಿಟ್ಟಿದ್ದರಂತೆ.

ಬಟನ್ ಒತ್ತಿದೆ, ಬಣ್ಣದ ಪದರದಲ್ಲಿ ಕೆನ್ನೆಗಳನ್ನು ಒಟ್ಟಿಗೇ ಆಯ್ದು ಬ್ಲರ್ ಕೊಟ್ಟೆ, ಬಂಗು ಮಾಯ. ತಾಯಿ ಮಗಳು ನೋಡಲು ಬಂದರು. ಆ ತಾಯಿ ಪರದೆಯನ್ನು ನೋಡಿದರು, ಕೈ ತಾನಾಗಿ ಸೆರಗಿಗೆ ಹೋಯಿತು.

"ಗೊಂಬೆ ತರ ಇದೆ ಕಣಮ್ಮಾ. ಇವ್ಳು ಯಾರೋ" ಎಂದರು. ಕೋಪವಿರಲಿಲ್ಲ. ಅದಕ್ಕೇ ನಾನು ತಲೆ ತಗ್ಗಿಸಿದೆ.

ತಪ್ಪು ಎಲ್ಲಿದೆ ಎಂದು ಹುಡುಕಲು ಎರಡೂ ಪದರಗಳನ್ನು ಬಿಚ್ಚಿದೆ. ನನ್ನ ಅಳತೆ ಹಳೆಯ ಕ್ಯಾಮೆರಾಕ್ಕೆ ಹೊಂದಿಸಿದ್ದು. ಈ ಮದುವೆಗೆ ಬಳಸಿದ ಹೊಸ ಕ್ಯಾಮೆರಾದ ಚಿತ್ರ ಎಷ್ಟೋ ದೊಡ್ಡದು, ಅದರಲ್ಲಿ ಚರ್ಮದ ಒಂದು ರಂಧ್ರವೂ ಹೆಚ್ಚು ಪಿಕ್ಸೆಲ್ ಅಗಲ. ಹಾಗಾಗಿ ಆ ಸಣ್ಣ ಬ್ಲರ್‌ಗೆ ಚರ್ಮದ ರಂಧ್ರ, ಸಣ್ಣ ಗೆರೆ ಕರಗದೆ ಬಣ್ಣದ ಪದರದಲ್ಲೇ ಉಳಿದಿದ್ದವು. ಬಂಗಿನ ಜೊತೆ ಅವನ್ನೂ ನಾನೇ ಒರೆಸಿಹಾಕಿದ್ದೆ. ಬಟನ್ ನಂಬಿ ಕಣ್ಣು ಮುಚ್ಚಿಕೊಂಡ ಫಲ.

"ಕೂತ್ಕೊಳಿ, ಇಲ್ಲೇ ಮಾಡ್ತೀನಿ" ಎಂದೆ.

ಈ ಸಲ ಬಣ್ಣದ ಪದರವನ್ನೇ ನೋಡುತ್ತಾ ಬ್ಲರನ್ನು ಒಂದೊಂದೇ ಹೆಜ್ಜೆ ಏರಿಸಿದೆ. ರಂಧ್ರಗಳು ಆಗಷ್ಟೇ ಕರಗಿದವು, ಬಂಗಿನ ಕಲೆ ಮಾತ್ರ ಉಳಿಯಿತು, ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಏರಿಸಿದ್ದರೆ ಕಲೆಯೂ ವಿವರಗಳಿರುವ ಮೇಲಿನ ಪದರಕ್ಕೆ ಹೋಗಿ ಕೂರುತ್ತಿತ್ತು. ಮೂಲ ಚಿತ್ರದಿಂದ ಆ ಬಣ್ಣವನ್ನು ಕಳೆದು ಮೇಲಿನ ಪದರ ಮಾಡಿದೆ. ಅದನ್ನೊಂದನ್ನೇ ತೋರಿಸಿದಾಗ ಬೂದು ಬಣ್ಣದ ಮುಖ ಎದ್ದು ಬಂತು. ರೆಪ್ಪೆ, ತುಟಿಯ ಬಿರುಕು, ಹಣೆಯ ಸಣ್ಣ ಕೂದಲು, ಎಲ್ಲವೂ ಇದ್ದವು. ಬಂಗು ಇರಲಿಲ್ಲ.

ಸಾವಿರ ಸಲ ನೋಡಿದ ಪದರ ಅದು. ಅವತ್ತು ಮೊದಲ ಸಲ ನೋಡಿದಂತಾಯಿತು, ಏಕೆಂದರೆ ಆ ತಾಯಿ ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

"ಇದು ಎಣ್ಣೆ ಸಿಡಿದಿದ್ದು" ಎಂದು ಗಲ್ಲದ ಚುಕ್ಕೆ ತೋರಿಸಿದರು. "ಇದು ನಮ್ಮಮ್ಮಂಗೂ ಇತ್ತು, ಈ ಗೆರೆ. ಅಯ್ಯೋ, ನಾನೇ ಕಣೇ ಇದು!"

ಎಷ್ಟೋ ವರ್ಷದಿಂದ ಕನ್ನಡಿಯಲ್ಲಿ ಬಂಗನ್ನೇ ನೋಡಿಕೊಂಡಿದ್ದ ಹೆಂಗಸು ಅದರ ಹಿಂದಿನ ತನ್ನ ಮುಖವನ್ನು ಗುರುತಿಸುತ್ತಿದ್ದರು. ಎರಡೂ ಪದರಗಳನ್ನು ಮತ್ತೆ ಒಂದರ ಮೇಲೊಂದು ಕೂರಿಸಿದೆ. ಮೂಲ ಫೋಟೊ ಒಂದು ಕೂದಲೂ ಆಚೀಚೆಯಾಗದೆ ವಾಪಸ್ ಬಂತು. ಈ ಲೆಕ್ಕಾಚಾರವನ್ನು ಮೊದಲು ಯೋಚಿಸಿದವರು ಯಾರೋ, ಅವರಿಗೆ ಕೈ ಮುಗಿಯಬೇಕು ಅನ್ನಿಸಿತು.

ಆಮೇಲೆ ಬಣ್ಣದ ಪದರದ ಮೇಲಷ್ಟೇ ಕೆಲಸ. ಕಲೆಯ ಒಂದೊಂದು ಸಣ್ಣ ತುಂಡನ್ನು ಅಂಚು ಮೃದುವಾಗಿರುವಂತೆ ಆಯ್ದು ಬ್ಲರ್ ಕೊಡುತ್ತಾ ಹೋದೆ. ಕೆನ್ನೆಯ ಬೆಳಕಿನ ಭಾಗದಿಂದ ಮೂಗಿನ ಪಕ್ಕದ ನೆರಳಿಗೆ ದಾಟಲಿಲ್ಲ. ದಾಟಿದರೆ ಮುಖದ ಉಬ್ಬುತಗ್ಗು ಸತ್ತು ಚಪ್ಪಟೆಯಾಗುತ್ತದೆ. ಬಂಗು ಅಂಚಿನಿಂದ ನಿಧಾನವಾಗಿ ಚರ್ಮದ ಬಣ್ಣಕ್ಕೆ ಬೆರೆಯಿತು. ಎಣ್ಣೆ ಸಿಡಿದ ಚುಕ್ಕೆ ಅಲ್ಲೇ ಇತ್ತು.

"ಇನ್ನೊಂಚೂರು ಇದೆ ಮೇಡಂ, ಅದನ್ನೂ ತೆಗೆದ್ಬಿಡಿ" ಎಂದಳು ಮಗಳು.

ತಾಯಿ ನನ್ನ ಕೈ ಹಿಡಿದು ಮೌಸ್‌ನಿಂದ ಪಕ್ಕಕ್ಕೆ ಸರಿಸಿದರು.

"ಬೇಡ, ಅಷ್ಟಿರ್ಲಿ. ಇವ್ಳು ಹೊಟ್ಟೇಲಿದ್ದಾಗ ಬಂದಿದ್ದು ಅದು."

ಮಗಳು ಪರದೆ ಬಿಟ್ಟು ತಾಯಿಯ ಕೆನ್ನೆಯನ್ನೇ ನೋಡಿದಳು. ಅವಳಿಗೂ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಆ ಫೋಟೊ ಮೊದಲ ಪುಟಕ್ಕೆ ಹೋಯಿತು. ಆಕೆ ಮೆಟ್ಟಿಲಿಳಿದು ಬಿಸಿಲಿನ ಬೀದಿಗೆ ನಡೆದದ್ದನ್ನು ಕಿಟಕಿಯಿಂದ ನೋಡಿದೆ. ಸೆರಗು ಹೆಗಲ ಮೇಲೆಯೇ ಇತ್ತು.