ಕಲೆ ಅಳಿಸಿದ ಫೋಟೋ

ಬಸವನ ಬಾಗೇವಾಡಿಯ ಕಾಲೇಜೊಂದರ ಫೋಟೋಗ್ರಫಿ ಕ್ಲಬ್ಬಿನವರು ಅರ್ಧ ತಾಸು ಮಾತಾಡಲು ಕರೆದಿದ್ದರು. ಇಂಡಿ ಪಟ್ಟಣದಲ್ಲಿ ಸ್ಟುಡಿಯೋ ನಡೆಸುವ ನನಗೆ ಭಾಷಣ ಅಂದರೆ ಅಷ್ಟಕ್ಕಷ್ಟೇ. ಆದರೆ ಅವರು ಕೊಟ್ಟ ವಿಷಯ ನನ್ನ ಪಿತ್ತ ಕೆರಳಿಸುವಂಥದ್ದು: ಮುಖ ತಿದ್ದುವುದು ಎಲ್ಲಿಯವರೆಗೆ ಅಲಂಕಾರ, ಎಲ್ಲಿಂದ ಮೋಸ? 'ಸ್ವಲ್ಪ ಬೆಳ್ಳಗ ಮಾಡ್ರಿ' ಎಂಬ ಮಾತು ದಿನಾ ಕೇಳಿ ಸಾಕಾಗಿ ಹೋಗಿತ್ತು. ಒಪ್ಪಿಕೊಂಡೆ.

ಇನ್ನೊಬ್ಬರ ಮುಖ ಯಾಕೆಂದು ಪರದೆಯ ಮೇಲೆ ನನ್ನದೇ ಫೋಟೋ ಹಾಕಿದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು, ಹಸಿರು ಹೊಡೆಯುತ್ತಿತ್ತು. ಫೋಟೋದಲ್ಲಿ ನಾನು ಹಿಡಿದಿದ್ದ ಬೂದು ಕಾರ್ಡಿನ ಮೇಲೆ ಮೌಸ್ ಒತ್ತಿ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ, ಸರಿಪಡಿಸಿದೆ. ಗೋಡೆ, ಅಂಗಿ, ಮುಖ ಮೂರರ ಬಣ್ಣವೂ ಒಟ್ಟಿಗೇ ಬದಲಾಯಿತು. ಅದು ಬೆಳಕಿನ ತಪ್ಪು ತಿದ್ದಿದ್ದು. ಆಮೇಲೆ ಕಿತ್ತಳೆ ಬಣ್ಣದ ಹೊಳಪನ್ನಷ್ಟೇ ಏರಿಸಿದೆ. ಚರ್ಮದ ಬಣ್ಣ ಬಹುಮಟ್ಟಿಗೆ ಅಲ್ಲೇ ಅಡಗಿರುತ್ತದೆ. ಗೋಡೆ, ಅಂಗಿ ಇದ್ದಂತೇ ಉಳಿದವು. ನಾನೊಬ್ಬನೇ ಸುಣ್ಣ ಬಳಿದ ಹಾಗೆ ಬೆಳ್ಳಗಾದೆ. ಹುಡುಗರು ಗೊಳ್ಳೆಂದು ನಕ್ಕರು. ಫೋಟೋದಲ್ಲಿನ ನನ್ನ ಹೊಟ್ಟೆಯನ್ನು ಒಳಕ್ಕೆ ತಳ್ಳಿದಾಗ ಹಿಂದಿನ ಬಾಗಿಲ ಚೌಕಟ್ಟೂ ಬಾಗಿತು.

"ವಾರದಾಗ ಹೋಗೋ ಮೊಡವಿ ತಗೀರಿ, ತಪ್ಪಿಲ್ಲ. ಛಲೋ ಬೆಳಕು ಹಾಕ್ರಿ, ತಲಿ ಬಾಚಸ್ರಿ. ಆದ್ರ ಫೋಟೋ ನೋಡಿ ಯಾರರೆ ಒಂದು ನಿರ್ಧಾರ ಮಾಡವ್ರಿದ್ರ, ನಾಳೆ ಎದುರಿಗೆ ಬಂದಾಗೂ ಇರೋದನ್ನ ಅಳಿಸಬ್ಯಾಡ್ರಿ," ಎಂದೆ. ಸಿನಿಮಾ ಪೋಸ್ಟರಿಗೆ ಒಂದು ಲೆಕ್ಕ, ಗುರುತಿನ ಚೀಟಿಗೂ ಗಂಡಿನ ಮನೆಗೆ ಕಳಿಸುವ ಕನ್ಯೆಯ ಫೋಟೋಕ್ಕೂ ಬೇರೆಯೇ ಲೆಕ್ಕ ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು. ನನಗೂ ಸ್ವಲ್ಪ ಉಬ್ಬು ಬಂತು.

ಎಲ್ಲರೂ ಎದ್ದ ಮೇಲೆ ಕ್ಲಬ್ಬಿನ ಹುಡುಗಿಯೊಬ್ಬಳು ಬಂದು ಮೊಬೈಲು ಮುಂದೆ ಹಿಡಿದಳು. ಅವಳ ಎಡಗೆನ್ನೆಯಿಂದ ಕುತ್ತಿಗೆವರೆಗೆ ಹಳೆಯ ಸುಟ್ಟ ಕಲೆ. ಮೊಬೈಲಿನಲ್ಲಿದ್ದ ಅವಳ ಕೆನ್ನೆ ನುಣುಪಾಗಿತ್ತು.

"ಸರ, ಇದನ್ನ ನಮ್ಮ ಕಾಕಾ ಮಾಡಿಸ್ಯಾರ. ಮುದ್ದೇಬಿಹಾಳದ ಗಂಡಿನವ್ರಿಗೆ ಕಳಿಸಿ ಆಗೇತಿ. ಅವ್ರು ಒಪ್ಪ್ಯಾರ, ರವಿವಾರ ನೋಡಾಕ ಬರ್ತಾರ."

ಫೋಟೋ ದೊಡ್ಡದು ಮಾಡಿ ನೋಡಿದೆ. ಬಲಗೆನ್ನೆಯ ಚರ್ಮವನ್ನು ನಕಲು ಮಾಡಿ, ತಿರುವಿ ಎಡಕ್ಕೆ ಅಂಟಿಸಿದ್ದರು. ಬಲಗೆನ್ನೆಯ ಮಚ್ಚೆಯೂ ಜೊತೆಗೇ ಬಂದು ಎರಡಾಗಿತ್ತು. ಕಿವಿಯ ಬಳಿಯ ಕೂದಲು ಕತ್ತರಿಸಿದ ಹಾಗೆ ನಿಂತಿತ್ತು. ಕೆಟ್ಟ ಕೆಲಸ, ಆದರೂ ಮೊಬೈಲಿನ ಸಣ್ಣ ಪರದೆಯಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.

"ಬಂದು ಮುಖ ನೋಡಿ, ಚಾ ಕುಡಿದು, ಸುಮ್ಮನ ಎದ್ದು ಹೋಗ್ತಾರ ಸರ. ಓಣಿ ಮಂದಿ ಎಲ್ಲಾ ನೋಡ್ತಾರ. ಅದಕ್ಕ ಮೊದಲಽ ನಂದು ಖರೇ ಫೋಟೋ ಹೋಗಬೇಕು. ನೀವು ತಗದು ಕೊಡ್ರಿ."

ವೇದಿಕೆ ಮೇಲಿಂದ ಉಪದೇಶ ಬಿಗಿಯುವುದು ಸುಲಭ, ಕೂಡಿಬಂದ ಸಂಬಂಧಕ್ಕೆ ಕೈ ಹಚ್ಚುವುದು ಬೇರೆ. "ನಿಮ್ಮ ಅಪ್ಪನ್ನ ಒಂದು ಮಾತು ಕೇಳು ತಂಗಿ," ಎಂದೆ. ಅವಳು ಅಲ್ಲೇ ಫೋನು ಹಚ್ಚಿ, ವಿಷಯ ಹೇಳಿ ನನ್ನ ಕೈಗೆ ಕೊಟ್ಟಳು.

"ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ್ರಿ. ನಾವು ಹೇಳಿದ್ದು ಒಂದಽ. ಅದಕ್ಕೂ ಕಲ್ಲು ಹಾಕ್ತೀರೇನು?" ಎಂದರು ತಂದೆ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು ಆ ದನಿಯಲ್ಲಿ. ಹುಡುಗಿ ಫೋನು ಕಸಿದುಕೊಂಡು, "ಅವ್ರ ಮುಂದ ಕೂಡಾಕಿ ನಾ, ಅಪ್ಪಾ," ಎಂದಳು. ಆ ಕಡೆಯಿಂದ ನನಗೂ ಕೇಳುವಂತೆ, "ನಿನಗ ತಿಳಿದಂಗ ಮಾಡವ್ವಾ," ಎಂಬ ಮಾತು ಬಂತು.

ಅವಳನ್ನು ಕಿಟಕಿಯ ಪಕ್ಕ ಕೂಡಿಸಿದೆ. ಎಡಗೆನ್ನೆಯನ್ನು ಕಿಟಕಿಯಿಂದ ಆಚೆಗೆ ತಿರುಗಿಸಿ ಕಲೆಯನ್ನು ನೆರಳಿಗೆ ಸರಿಸಬಹುದಿತ್ತು. ಅದು ಅಲಂಕಾರವೇ ಎಂದು ಅರ್ಧ ತಾಸಿನ ಹಿಂದೆ ನಾನೇ ವಾದಿಸುತ್ತಿದ್ದೆ. ಅವಳು ಬೇಡವೆಂದಳು. ನೇರ ಮುಖ, ಎರಡೂ ಕೆನ್ನೆಗೆ ಒಂದೇ ಬೆಳಕು. ಏನೂ ತಿದ್ದದೆ ಕೊಟ್ಟೆ. ಅವಳು ಮುದ್ದೇಬಿಹಾಳದವರಿಗೆ ಕಳಿಸಿದಳು.

ಊರಿಗೆ ಬಂದ ಮೇಲೂ ಮಾತು ನನ್ನದು, ನಷ್ಟ ಅವಳದು ಎಂದು ಒಳಗೇ ಕುದಿಯುತ್ತಿದ್ದೆ. ಶನಿವಾರ ಸ್ಟುಡಿಯೋಕ್ಕೆ ಅವಳ ತಂದೆಯ ಫೋನು ಬಂತು.

"ಮುದ್ದೇಬಿಹಾಳದವ್ರು ಫೋನ್ ಮಾಡಿದ್ರರಿ."

"ಬ್ಯಾಡ ಅಂದ್ರೇನ್ರಿ?"

"ಹಂಗೇನೂ ಅನ್ನಲಿಲ್ಲರಿ. ಈಗ ಕಳಿಸಿದ್ದು ಸಣ್ಣ ಮಗಳದು ಇರಬೇಕು ಅಂದ್ರು. ಮೊದಲ ಕಳಿಸಿದ ಫೋಟೋದಾಗ ಇರೋ ಅಕ್ಕನ್ನೇ ತೋರಸ್ರಿ ಅಂತಾರ." ಅವರ ದನಿ ಒಡೆಯಿತು. "ನನಗಿರಾಕಿ ಒಬ್ಬಾಕಿನೇ ಮಗಳು. ಏನ್ ಹೇಳ್ಲಿರಿ ಈಗ?"

ಅವರ ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು:

"ಅಂಥಾಕಿ ನಮ್ಮ ಮನ್ಯಾಗ ಹುಟ್ಟೇ ಇಲ್ಲ ಅಂತ ಹೇಳ್ರಿ, ಅಪ್ಪಾ."