ಹತ್ತೊಂಬತ್ತು ವರ್ಷದ ಅನುಭವ, ಇಲ್ಲದ ಡಿಪ್ಲೋಮಾ

ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ಸ್ಟೀಲ್ ವಾಲ್ವ್‌ಗಳ ಬಿಡಿಭಾಗ ಮಾಡುವ ಅರವತ್ತು ಜನರ ಒಂದು ಕಾರ್ಖಾನೆಯಿತ್ತು. ಅಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದ ಮಾಧುರಿಗೆ ಇಂಥದೇ ಕೆಲಸ ಎಂಬುದಿರಲಿಲ್ಲ. ಹಾಜರಿ, ರಜೆ, ಪಿಎಫ್, ಹೊಸಬರ ನೇಮಕ, ಚಹಾ ಹಾಲಿನವನ ಜಗಳ, ಎಲ್ಲ ಅವಳ ಮೇಜಿಗೇ ಬರುತ್ತಿದ್ದವು. ಅವಳ ಮನೆತನ ವಿಜಯಪುರದ ಕಡೆಯದು. ತಂದೆ ಬಸವಂತಪ್ಪ ಬೈಕುಲ್ಲಾದ ಮಾರುಕಟ್ಟೆಯಲ್ಲಿ ಗುಮಾಸ್ತರಾಗಿದ್ದವರು. ಅವಳು ಬಿ.ಕಾಂ. ಮುಗಿಸಿ ಟೆಲಿಫೋನ್ ಎತ್ತುವ ಕೆಲಸಕ್ಕೆ ಸೇರಿ, ನೋಡನೋಡುತ್ತ ಆಫೀಸನ್ನೆಲ್ಲ ಹೊತ್ತುಕೊಂಡಿದ್ದಳು. ಆದರೂ ಅವಳ ಹುದ್ದೆಯ ಹೆಸರು ‘ಅಡ್ಮಿನ್ ಅಸಿಸ್ಟೆಂಟ್’ ಎಂದೇ ಇತ್ತು. ಮ್ಯಾನೇಜರ್ ಅನ್ನಿಸಿಕೊಳ್ಳಲು ಎಂಬಿಎ ಬೇಕಂತೆ. ಹಿಂದೊಮ್ಮೆ ಎಂಬಿಎ ಆದವನೊಬ್ಬ ಬಂದು, ನಾಲ್ಕು ತಿಂಗಳು ಅವಳಿಂದಲೇ ಕೆಲಸ ಕಲಿತು, ಬೇರೆ ಕಡೆ ಹೋಗಿದ್ದ.

ಈ ಸಲ ಬೇಕಾಗಿದ್ದುದು ಕ್ವಾಲಿಟಿ ಇನ್‌ಸ್ಪೆಕ್ಟರ್. ತಯಾರಾದ ಭಾಗಗಳನ್ನು ಅಳೆದು, ಡ್ರಾಯಿಂಗ್‌ಗೆ ಹೋಲಿಸಿ, ಸರಿ ಇದ್ದರೆ ಸಹಿ ಹಾಕುವವರು. ಮಾಲೀಕ ಶೆಟ್ಟೆಪ್ಪ ಜಾಹೀರಾತು ತಾವೇ ಹೇಳಿ ಬರೆಸಿದರು: ಮೆಕ್ಯಾನಿಕಲ್ ಡಿಪ್ಲೋಮಾ ಕಡ್ಡಾಯ, ಮೂರು ವರ್ಷದ ಅನುಭವ. ನಲವತ್ತೆರಡು ಅರ್ಜಿ ಬಂದವು. ಅನುಭವ ಸಾಕಷ್ಟಿದ್ದರೂ ಡಿಪ್ಲೋಮಾ ಒಂದೇ ಇಲ್ಲದ ಒಂಬತ್ತು ಜನರನ್ನು ಮಾಧುರಿ ಬದಿಗಿಟ್ಟು, ‘ಈ ಬಾರಿ ಆಗುವುದಿಲ್ಲ’ ಎಂದು ಮೆಸೇಜ್ ಕಳಿಸಿದಳು.

ಮರುದಿನ ಬೆಳಿಗ್ಗೆ ಅವಳ ಮೇಜಿನ ಮುಂದೆ ಐವತ್ತರ ಹತ್ತಿರದ ಹೆಂಗಸೊಬ್ಬಳು ಬಂದು ನಿಂತಳು.

“ನಾ ಕಸ್ತೂರಿಬಾಯಿ. ಬರಬ್ಯಾಡ ಅಂತ ನಿಮ್ಮ ಮೆಸೇಜ್ ಬಂತು ಬಾಯಾರ, ಅದಕ್ಕ ಬಂದೀನಿ.”

ಮಾಧುರಿಗೆ ನಗು ಬರುವುದಕ್ಕಿಂತ ಮೊದಲು ತಲೆ ಬಿಸಿಯಾಯಿತು. “ಅಕ್ಕಾರ, ಜಾಹೀರಾತಿನ್ಯಾಗ ಡಿಪ್ಲೋಮಾ ಕಡ್ಡಾಯ ಅಂತ ಬರದೈತಿ.”

“ಓದೀನಿ. ಮೂರು ವರ್ಷ ಅನುಭವ ಅಂತಾನೂ ಬರದೈತಿ. ನನ್ನವು ಹತ್ತೊಂಬತ್ತು. ಹದಿನಾರು ವರ್ಷ ಹೆಚ್ಚಿಗಿ ಕೊಡಾಕತ್ತೀನಿ, ಒಂದು ಕಾಗದ ಕಡಿಮಿ. ಒಂದ್ ಸಲ ಕೈಯಾಗ ಸಾಮಾನ ಕೊಟ್ಟು ನೋಡ್ರಿ.”

ಬೈಕುಲ್ಲಾದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವಳು ಅಳತೆಯ ಕೆಲಸ ಮಾಡಿದ್ದಳು. ಮಾಲೀಕ ಜಾಗ ಮಾರಿದ ಮೇಲೆ ಅದು ಮುಚ್ಚಿತ್ತು. ಪ್ರೊಡಕ್ಷನ್ ಮ್ಯಾನೇಜರ್ ರೋಶನ್ ಅದೇ ಹೊತ್ತಿಗೆ ಬಾಗಿಲಲ್ಲಿ ಹಾದುಹೋಗುತ್ತಿದ್ದ. ಮಂಗಳೂರಿನವನು, ಯಾವುದನ್ನೂ ಪರೀಕ್ಷಿಸದೆ ನಂಬದವನು. “ಬರಲಿ ಮಾರಾಯ್ರೆ, ಹತ್ತು ನಿಮಿಷದ ಕೆಲಸ. ಸಚಿನನಿಗೆ ಕೊಟ್ಟದ್ದೇ ಕೊಡುವ” ಎಂದ.

ಸಚಿನ ಹಿಂದಿನ ದಿನ ಸಂದರ್ಶನಕ್ಕೆ ಬಂದಿದ್ದ ಡಿಪ್ಲೋಮಾದವನು. ಮೂರು ವರ್ಷದ ಅನುಭವ, ಉಳಿದ ಅರ್ಜಿದಾರರಲ್ಲಿ ಎಲ್ಲ ಅರ್ಹತೆಯೂ ಸರಿಯಾಗಿ ಕೂಡಿಬಂದವನು ಅವನೊಬ್ಬನೇ. ಪರೀಕ್ಷೆಗೆ ಕೊಟ್ಟ ಹತ್ತು ತುಂಡುಗಳಲ್ಲಿ ನಾಲ್ಕು ದೋಷದವು ಇದ್ದವು. ಅವನು ಎರಡನ್ನು ಹಿಡಿದಿದ್ದ. ಆದರೆ ತುಂಡು ಎಷ್ಟು ದುಂಡಗೆ, ಎಷ್ಟು ಸಮತಟ್ಟಾಗಿರಬೇಕೆಂದು ತೋರಿಸುವ ಡ್ರಾಯಿಂಗಿನ ಐದೂ ಸಂಕೇತಗಳನ್ನು ತಡವರಿಸದೆ ಓದಿದ್ದ.

ಕಸ್ತೂರಿಬಾಯಿ ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಕೈಗೆತ್ತಿಕೊಂಡಳು, ಆದರೆ ಕೂಡಲೇ ತುಂಡನ್ನು ಅಳೆಯಲಿಲ್ಲ. ಉಪಕರಣದ ಎರಡು ಬಾಯಿಗಳನ್ನು ಬಟ್ಟೆಯಲ್ಲಿ ಒರೆಸಿ, ಖಾಲಿಯಾಗಿಯೇ ಮುಚ್ಚಿ, ಬೆಳಕಿಗೆ ಹಿಡಿದಳು.

“ಇದು ಸುಳ್ಳು ಹೇಳ್ತೈತ್ರಿ. ಮುಚ್ಚಿದಾಗ ಸೊನ್ನಿಗೆ ಬರಬೇಕು. ಎರಡು ಗೆರಿ ಮುಂದ ಐತಿ.”

ರೋಶನ್ ಕಸಿದುಕೊಂಡು ನೋಡಿದ. ನಿಜ, ಎರಡು ಗೆರೆ. ಆ ವಾರವೆಲ್ಲ ಅದೇ ಉಪಕರಣದಿಂದ ಅಳೆದಿದ್ದರು. ಅವನ ಮುಖ ಕೆಂಪೇರಿತು. ಬೇರೆ ಮೈಕ್ರೋಮೀಟರ್ ತರಿಸಿಕೊಟ್ಟ. ಅವಳು ನಾಲ್ಕು ದೋಷಗಳನ್ನೂ ಬೇರ್ಪಡಿಸಿಟ್ಟಳು. ಆದರೆ ಡ್ರಾಯಿಂಗ್ ಕೊಟ್ಟಾಗ ಐದು ಸಂಕೇತಗಳಲ್ಲಿ ಒಂದನ್ನಷ್ಟೇ ಹೇಳಿ, ಹಾಳೆಯನ್ನು ವಾಪಸು ಚಾಚಿದಳು. “ನಮ್ಮಲ್ಲಿ ಇವು ಬರ್ತಿದ್ದಿಲ್ಲ” ಎಂದಳು. ನೆಪ ಹೇಳಲಿಲ್ಲ, ಅಷ್ಟೇ ಹೇಳಿದಳು.

ಇಲ್ಲಿಂದ ಶುರುವಾಯಿತು ಮಾಧುರಿಯ ಫಜೀತಿ. ಮೈಕ್ರೋಮೀಟರಿನ ಸುದ್ದಿ ಕೇಳಿದ ಶೆಟ್ಟೆಪ್ಪ ಕುರ್ಚಿಯಿಂದ ಎದ್ದೇ ನಿಂತರು. ಅವರೂ ಬೆಳಗಾವಿಯಿಂದ ಬಂದು ಲೇಥಿನ ಮುಂದೆ ನಿಂತೇ ಮೇಲೆ ಬಂದವರು. ಓದಿದ್ದು ಏಳನೇ ಇಯತ್ತೆಯವರೆಗೆ.

“ಇವತ್ತ ಸೇರಿಸ್ಕೋ ಆಕೀನ. ಡಿಪ್ಲೋಮಾ ಡಿಪ್ಲೋಮಾ ಅಂತೀರಿ, ಏನ್ ಮಾಡ್ಲಿ ಅದನ್ನ ಇಟ್ಕೊಂಡು?”

“ಸಾಹೇಬ್ರ, ಅಂದಾವ್ರು ನೀವ. ಕಡ್ಡಾಯ ಅಂತ ಗೆರಿ ಎಳಸಿದ್ರಿ. ಆಡಿಟರ್ ಕೇಳ್ತಾರ ಅಂದ್ರಿ.”

“ಕೇಳೂದಿಲ್ಲೇನು ಮತ್ತ?”

ಮಾಧುರಿ ಗುಣಮಟ್ಟದ ನಿಯಮಗಳಿದ್ದ ಐಎಸ್‌ಒ ಫೈಲು ತೆಗೆದು ಅವರ ಮುಂದಿಟ್ಟಳು. ಕೆಲಸಗಾರರ ಸಾಮರ್ಥ್ಯಕ್ಕೆ ಸೂಕ್ತ ಶಿಕ್ಷಣ, ತರಬೇತಿ ಅಥವಾ ಅನುಭವ ಆಧಾರವಾಗಿರಬೇಕು, ಅದಕ್ಕೆ ದಾಖಲೆ ಇರಬೇಕು ಎಂದು ಅದರಲ್ಲಿತ್ತು. ಡಿಪ್ಲೋಮಾ ಎಂಬ ಪದವೇ ಇರಲಿಲ್ಲ. ಇದನ್ನು ಅವಳು ಜಾಹೀರಾತು ಹೋಗುವ ಮೊದಲೂ ಹೇಳಿದ್ದಳು. ಆಗ ಶೆಟ್ಟೆಪ್ಪ ಫೋನಿನಲ್ಲಿದ್ದರು.

“ಹಂಗಾದ್ರ ಮುಗೀತಲ್ಲ, ಸೇರಿಸ್ಕೋ.”

“ಮುಗದಿಲ್ರಿ. ಡಿಪ್ಲೋಮಾ ಬ್ಯಾಡ ಅಂತ ಈಗ ತೀರ್ಮಾನ ಮಾಡಿದ್ರ, ಅದ ಕಾರಣಕ್ಕ ನಾ ಬ್ಯಾಡ ಅಂದ ಇನ್ನೂ ಎಂಟು ಮಂದಿ ಅದಾರ. ಅವರು ನಿಯಮಕ್ಕ ತಲಿ ಬಾಗಿಸಿ ಮನ್ಯಾಗ ಕುಂತಾರ. ಈಕಿ ಬಾಗಲಾ ಬಡದಾಳಂತ ಈಕಿಗಷ್ಟ ತೆಗಿಯೂದೇನು?”

ಶೆಟ್ಟೆಪ್ಪ ಹಣೆ ಹಿಡಿದುಕೊಂಡರು. “ನೀ ಯಾವ ಕಡೀನವ್ವಾ ತಂಗಿ? ಆಕಿ ಕಡೀನೋ, ಅಲ್ಲೋ?”

ಆ ಪ್ರಶ್ನೆ ಅವಳಿಗೆ ನಾಟಿತು. ಅವಳ ಮನಸ್ಸು ಪೂರ್ತಿ ಕಸ್ತೂರಿಬಾಯಿಯ ಕಡೆಗೇ ಇತ್ತು. ಕಾಗದವಿಲ್ಲದೆ ವರ್ಷಗಟ್ಟಲೆ ದುಡಿದು ಚಿಕ್ಕವರಾಗಿ ಉಳಿಯುವುದು ಎಂಥದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೇ ತನ್ನ ಮನಸ್ಸನ್ನು ತಾನೇ ನಂಬದೆ ಇದ್ದಳು. ಆ ಸಂಜೆ ಬೈಕುಲ್ಲಾದ ಮನೆಗೆ ಹೋಗುವಾಗ, ದಾದರಿನಲ್ಲಿ ಲೋಕಲ್ ಬದಲಿಸುವ ನೂಕುನುಗ್ಗಲಿನಲ್ಲೂ, ಹದಿನಾರು ಹೆಚ್ಚಿನ ವರ್ಷ ಒಂದು ಕಡೆ, ನಾಲ್ಕು ಗೊತ್ತಿಲ್ಲದ ಸಂಕೇತ ಇನ್ನೊಂದು ಕಡೆ ಎಂದು ತೂಗುತ್ತಲೇ ಇದ್ದಳು. ಒಂದರಲ್ಲಿ ಉಕ್ಕಿದ್ದು ಇನ್ನೊಂದರ ತಗ್ಗನ್ನು ತಾನಾಗಿಯೇ ತುಂಬುತ್ತದೆಯೇ?

ಮರುದಿನ ಅವಳು ಊಹೆ ಬಿಟ್ಟು ಕಪಾಟು ತೆರೆದಳು. ಹಿಂದಿನ ವರ್ಷದ ಅರವತ್ತು ಡ್ರಾಯಿಂಗ್‌ಗಳಲ್ಲಿ ಹನ್ನೊಂದರಲ್ಲಿ ಮಾತ್ರ ಆ ಸಂಕೇತಗಳಿದ್ದವು. ಗಿರಾಕಿಗಳು ವಾಪಸು ಕಳಿಸಿದ ನಾಲ್ಕು ಲಾಟುಗಳಲ್ಲಿ ಮೂರು ಅಳತೆಯ ತಪ್ಪಿನವು. ಆಗ ಕಸ್ತೂರಿಬಾಯಿಯದೇ ಕೈಮೇಲು ಅನ್ನಿಸಿ ಅವಳಿಗೆ ಒಳಗೊಳಗೇ ಖುಷಿಯಾಯಿತು. ರೋಶನ್ ಆ ಖುಷಿಗೆ ನೀರು ಹೊಯ್ದ.

“ಅದು ಹಿಂದಿನ ವರ್ಷದ್ದು ಮೇಡಂ. ಇನ್ನು ಆರು ವಾರಕ್ಕೆ ಎಕ್ಸ್‌ಪೋರ್ಟ್ ಆರ್ಡರ್ ಶುರು. ಅದರ ಡ್ರಾಯಿಂಗ್ ಎಲ್ಲದರಲ್ಲಿಯೂ ಇವೇ ಉಂಟು. ಇನ್‌ಸ್ಪೆಕ್ಟರ್ ಒಬ್ಬರೇ, ರಿಪೋರ್ಟಿಗೆ ಅವರದ್ದೇ ಸಹಿ. ಓದ್ಲಿಕ್ಕೆ ಬಾರದ್ದಕ್ಕೆ ಸಹಿ ಹಾಕುವುದು ಹೇಗೆ?”

“ಕಲಿಸಾಕ ಎಷ್ಟು ದಿನ ಬೇಕು?”

“ಚೆನ್ನಾಗಿ ಕಲಿಸ್ಲಿಕ್ಕೆ ಮೂರು ತಿಂಗಳು. ನನಗೆ ಮೂರು ದಿನವೂ ಪುರುಸೊತ್ತಿಲ್ಲ.”

ಶೆಟ್ಟೆಪ್ಪನವರೂ ಸೇರಿ ಮೂವರು ಕೂತು ಒಂದು ಮಾತಿಗೆ ಬಂದರು. ಡಿಪ್ಲೋಮಾ ಕೇಳುವುದಿಲ್ಲ. ಅದು ಯಾವುದಕ್ಕೆ ಬೇಕಿತ್ತೋ ಅದನ್ನೇ ನೇರವಾಗಿ ಪರೀಕ್ಷಿಸುವುದು. ಐದು ಸಂಕೇತಗಳಲ್ಲಿ ನಾಲ್ಕಾದರೂ ಬರಬೇಕು, ದೋಷಗಳಲ್ಲಿ ಮೂರಾದರೂ ಸಿಗಬೇಕು. ಈ ಎರಡು ಮಟ್ಟಕ್ಕಿಂತ ಕೆಳಗಿದ್ದರೆ ಬೇರೆ ಎಷ್ಟೇ ಹೆಚ್ಚಿದ್ದರೂ ಲೆಕ್ಕಕ್ಕಿಲ್ಲ. ಮಟ್ಟ ದಾಟಿದ ಮೇಲೆಯೇ ಹೆಚ್ಚು ಕಡಿಮೆಯ ತೂಕ. ಯಾರೂ ಮಟ್ಟ ಮುಟ್ಟದಿದ್ದರೆ ಕಸ್ತೂರಿಬಾಯಿಯನ್ನೇ ತೆಗೆದುಕೊಂಡು, ಮೂರು ತಿಂಗಳು ರೋಶನ್ ಸಹಿ ಹಾಕುವುದು. ಕೊನೆಯ ಮಾತಿಗೆ ರೋಶನ್ ಗೊಣಗುತ್ತಲೇ ಒಪ್ಪಿದ.

ಉಳಿದ ಎಂಟು ಜನರಿಗೆ ಮಾಧುರಿ ತಾನೇ ಫೋನ್ ಮಾಡಿದಳು. “ಮೊನ್ನೆ ಬೇಡ ಅಂದ್ರಿ, ಇವತ್ತು ಬಾ ಅಂತೀರಲ್ಲ” ಎಂದು ಒಬ್ಬ ರೇಗಿದ. ನಾಲ್ವರು ಬಂದರು. ಮೂವರು ಎರಡರಲ್ಲೂ ಎಡವಿದರು. ನಾಲ್ಕನೆಯವಳು ಯಕ್ಷಿತಾ. ವಿಲೆ ಪಾರ್ಲೆಯಲ್ಲಿ ಬೆಳೆದವಳು, ತಂದೆ ತಾಯಿ ಉಡುಪಿಯ ಕಡೆಯವರು. ಡಿಪ್ಲೋಮಾ ಎರಡನೇ ವರ್ಷಕ್ಕೆ ಬಿಟ್ಟು, ಎಂಟು ವರ್ಷ ಒಂದು ಪಂಪ್ ಕಾರ್ಖಾನೆಯಲ್ಲಿ ಅಳತೆಯ ಕೆಲಸ ಮಾಡಿದ್ದಳು.

“ಸರ್, ಪಹಲೇ ಜೀರೋ ಚೆಕ್ ಮಾಡ್ಬೇಕಲ್ವಾ?” ಎಂದು ಹಿಂದಿ ಬೆರೆತ ಹರಕುಮುರುಕು ಕನ್ನಡದಲ್ಲಿ ಕೇಳಿ, ಮೊದಲು ಮೈಕ್ರೋಮೀಟರ್ ಮುಚ್ಚಿ ನೋಡಿದಳು. ಕಸ್ತೂರಿಬಾಯಿಯ ಎರಡರಷ್ಟು ಹೊತ್ತು ತೆಗೆದುಕೊಂಡು ಮೂರು ದೋಷ ಹಿಡಿದಳು. ಸಂಕೇತ ಐದಕ್ಕೆ ಐದು.

ಮಟ್ಟ ದಾಟಿದವಳು ಅವಳೊಬ್ಬಳೇ. ಸರಿಯಾದ ಮೈಕ್ರೋಮೀಟರ್ ಕೊಟ್ಟು ಮತ್ತೊಮ್ಮೆ ಕರೆಸಿ ನೋಡಿದರೂ ಸಚಿನ ಎರಡೇ ದೋಷಕ್ಕೆ ನಿಂತಿದ್ದ, ಕಸ್ತೂರಿಬಾಯಿ ಸಂಕೇತಗಳಲ್ಲಿ ಕೆಳಗುಳಿದಿದ್ದಳು.

ಶೆಟ್ಟೆಪ್ಪನವರಿಗೆ ಇದು ರುಚಿಸಲಿಲ್ಲ. “ಮೈಕ್ರೋಮೀಟರ್ ತಪ್ಪು ಹಿಡದಾಕಿ ಕಸ್ತೂರಿಬಾಯಿ, ಕೆಲಸ ಈಕಿಗಿ?” ಎಂದರು. ಒಪ್ಪಿಕೊಂಡ ಮಾತನ್ನು ಮಾಧುರಿ ನೆನಪಿಸಿದಳು. ಆಮೇಲೆ ಅವರು ಇನ್ನೊಂದು ದಾರಿ ಹಿಡಿದರು. “ಆತು. ಡಿಪ್ಲೋಮಾ ಇಲ್ಲಲ್ಲ, ಜಾಹೀರಾತಿನ ಪಗಾರಕ್ಕಿಂತ ಎರಡು ಸಾವಿರ ಕಡಿಮಿ ಹೇಳು.”

ಮಾಧುರಿಯ ಸಹನೆ ಅಲ್ಲಿಗೆ ತೀರಿತು.

“ಏನ್ರಿ ಸಾಹೇಬ್ರ! ಆರಿಸೂವಾಗ ಡಿಪ್ಲೋಮಾ ಲೆಕ್ಕಕ್ಕಿಲ್ಲ, ಪಗಾರ ಕೊಡೂವಾಗ ಲೆಕ್ಕಕ್ಕೈತೇನು? ಕೆಲಸ ಪೂರಾ ಮಾಡ್ತಾಳ ಅಂತಾನ ಆರಿಸಿದ್ದು. ಇಲ್ಲಂದ್ರ ಆರಿಸಬಾರದಿತ್ತು. ಕಡಿಮಿ ಹೇಳೂದಿದ್ರ ನೀವ ಫೋನ್ ಮಾಡ್ರಿ, ನಾ ಮಾಡೂದಿಲ್ಲ.”

ಹದಿನಾರು ವರ್ಷದಲ್ಲಿ ಅವಳು ಹೀಗೆ ದನಿ ಎತ್ತಿದ್ದು ಅದೇ ಮೊದಲು. ಶೆಟ್ಟೆಪ್ಪ “ಹೂಂ, ಬರದಷ್ಟ ಕೊಡು” ಎಂದು ಎದ್ದು ಹೋದರು.

ಎಲ್ಲಕ್ಕಿಂತ ಕಷ್ಟದ, ಕಸ್ತೂರಿಬಾಯಿಗೆ ಮಾಡಬೇಕಾದ ಫೋನ್ ಉಳಿದಿತ್ತು. ಮಾಧುರಿ ಬೆಣ್ಣೆ ಸವರಲಿಲ್ಲ. ಅಳತೆಯಲ್ಲಿ ನೀವೇ ಎಲ್ಲರಿಗಿಂತ ಮೇಲು, ಸಂಕೇತಗಳಲ್ಲಿ ಬೇಕಾದ ಮಟ್ಟ ಬರಲಿಲ್ಲ, ಕಲಿಸಲು ಬೇಕಾದ ಮೂರು ತಿಂಗಳು ನಮ್ಮಲ್ಲಿಲ್ಲ ಎಂದು ಇದ್ದದ್ದನ್ನೇ ಹೇಳಿದಳು.

“ಬಾಗಲಾ ತೆಗಿಸಿದಾಕಿ ನಾನು, ಒಳಗ ಹೋದಾಕಿ ಇನ್ನೊಬ್ಬಾಕಿ” ಎಂದಳು ಕಸ್ತೂರಿಬಾಯಿ.

“ಹೌದ್ರಿ” ಎಂದಳು ಮಾಧುರಿ. ಫೋನ್ ಇಟ್ಟ ಮೇಲೆ ತಾನು ಮಾಡಿದ್ದು ಸರಿ ಎಂದು ಗೊತ್ತಿದ್ದೂ ಅವಳಿಗೆ ಸಮಾಧಾನವಾಗಲಿಲ್ಲ. ಚಹಾ ಹಾಲಿನವನು ಬಂದು ಜಗಳ ತೆಗೆದಾಗ ಅವನ ಮೇಲೆ ಸಿಕ್ಕಾಪಟ್ಟೆ ಹರಿಹಾಯ್ದಳು.

ಎಂಟು ದಿನದ ಮೇಲೆ ಕಸ್ತೂರಿಬಾಯಿಯೇ ಮತ್ತೆ ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಬಾಯಾರ, ಆ ಚಿಹ್ನೆ ಕಲಿಸೂ ಕ್ಲಾಸು ಎಲ್ಲಿ ನಡಿತೈತಿ ಅಂತ ನಿಮ್ಮ ರೋಶನ್ ಸಾಹೇಬ್ರನ್ನ ಕೇಳಿ ಹೇಳ್ರಿ. ರವಿವಾರದ್ದಾದ್ರ ಚಲೋ. ಮುಂದ ಎಲ್ಲಿ ಹ್ವಾದ್ರೂ ಅದನ್ನ ಹಿಡದು ಯಾರೂ ನನ್ನ ಹೊರಗ ಹಾಕಬಾರದು.”

ಮಾಧುರಿ ಪೆನ್ನು ಹುಡುಕಿ, ‘ರವಿವಾರದ ಕ್ಲಾಸು’ ಎಂದು ಬರೆದುಕೊಂಡು, ರೋಶನ್‌ನನ್ನು ಹುಡುಕಿಕೊಂಡು ಮಶೀನುಗಳ ಕಡೆಗೆ ಹೊರಟಳು.