ಮುಳ್ಳಿನ ಬೇಲಿಯ ಮೂಡೆ

ಗೋಣಿಚೀಲದ ಬಾಯಿ ಬಿಚ್ಚಿದೊಡನೆ ಆ ವಾಸನೆ ಮುಂಬಯಿಯ ಮುಲುಂಡಿನ ನಮ್ಮ ಅಡುಗೆಮನೆಯನ್ನೆಲ್ಲ ತುಂಬಿತು. ಕೆಂಡಕ್ಕೆ ಹಿಡಿದು ಬಾಡಿಸಿದ ಹಸಿರೆಲೆಯ ವಾಸನೆ. ಸ್ವಲ್ಪ ಹೊಗೆ, ಸ್ವಲ್ಪ ಹುಲ್ಲು, ಅದರ ಹಿಂದೆಲ್ಲೋ ಕೇದಗೆಯ ಗಂಧದ ಸುಳಿವು... ಒಳಗೆ ಒಣಹುಲ್ಲಿನ ನಡುವೆ ಮೂಡೆಗಳು ಸಾಲಾಗಿ ಕುಳಿತಿದ್ದವು. ಕೇದಗೆಯ ಜಾತಿಯ ಮುಂಡಕದ ಎಲೆಯನ್ನು ಸುತ್ತಿ ಮಾಡಿದ ಉದ್ದನೆಯ ಲೋಟಗಳವು. ಕರಾವಳಿಯವರು ಕೃಷ್ಣಾಷ್ಟಮಿಗೆ, ಚೌತಿಗೆ ಅದರಲ್ಲಿ ಇಡ್ಲಿ ಹಿಟ್ಟು ಹೊಯ್ದು ಬೇಯಿಸುತ್ತಾರೆ. ನಾನು ಮೈಸೂರು ಕಡೆಯವಳು. ಮೂಡೆ ಎಂದರೇನೆಂದು ನನಗೆ ಗೊತ್ತಾದದ್ದು ಪಕ್ಕದ ಮನೆಯ ಆ ಹುಡುಗಿಯಿಂದ.

ಆಗ ನಾವು ಆಂಟಾಪ್ ಹಿಲ್‌ನಲ್ಲಿದ್ದೆವು. ಎರಡು ಮನೆಗಳಿಗೂ ಒಂದೇ ಗೋಡೆ. ಪಕ್ಕದ ಮನೆಯಲ್ಲಿ ಅವಳ ಸೋದರಮಾವ ಇದ್ದರು. ಬೈಕುಲ್ಲಾದ ಒಂದು ಉಡುಪಿ ಹೋಟೆಲಿನ ದೊಡ್ಡ ಅಡುಗೆಯವರು. ಉಡುಪಿಯ ಹತ್ತಿರದ ಹಳ್ಳಿಯಿಂದ ಅವಳನ್ನು ಕರೆಸಿಕೊಂಡು ಅದೇ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ನಿಲ್ಲಿಸಿದ್ದರು. ನಾನು ಬಿ.ಕಾಂ. ಮುಗಿಸಿ ಒಂದು ಆಫೀಸು ಸೇರಿದ್ದೆ. ಸಂಜೆ ಇಬ್ಬರೂ ಗ್ಯಾಲರಿಯಲ್ಲಿ ನಿಂತು ಒಣಗಿದ ಬಟ್ಟೆ ಮಡಚುತ್ತ ಮಾತಾಡುತ್ತಿದ್ದೆವು. ಅವಳಿಗೆ ಮುಂಬಯಿ ಇಷ್ಟವಿರಲಿಲ್ಲ. ಹಾಗೆಂದು ಗೊಣಗುವವಳೂ ಅಲ್ಲ.

"ಇಲ್ಲಿ ದುಡಿಮೆ ಉಂಟು ಅಕ್ಕ. ಊರಲ್ಲಿ ಗಾಳಿ ಉಂಟು. ಎರಡೂ ಒಂದೇ ಕಡೆ ಯಾಕೆ ಇರುದಿಲ್ಲ ಅಂತ ನಂಗೆ ಅರ್ಥ ಆಗುದಿಲ್ಲ" ಎನ್ನುತ್ತಿದ್ದಳು.

ಅಷ್ಟಮಿ ಹತ್ತಿರವಾದರೆ ಹೋಟೆಲಿಗೆ ಬಂದವರೆಲ್ಲ ಮೂಡೆ ಕೇಳುತ್ತಿದ್ದರಂತೆ. ಮಾವ ಸ್ಟೀಲ್ ಲೋಟದಲ್ಲಿ ಹಿಟ್ಟು ಬೇಯಿಸಿ ಕೊಡುತ್ತಿದ್ದರು. ಗಿರಾಕಿಗಳು ಅದನ್ನು ಮೂಸಿ ನೋಡಿ ಮುಖ ಸಿಂಡರಿಸುವುದನ್ನು ಕೌಂಟರಿನಲ್ಲಿ ನಿಂತು ನೋಡಿದವಳು ಅವಳೊಬ್ಬಳೇ. ಆದರೂ ಆಗ ಅವಳಿಗೆ ಏನೂ ಹೊಳೆದಿರಲಿಲ್ಲ. ಹೊಳೆದದ್ದು ಊರಿಗೆ ಹೋದ ಮೇಲೆ.

ಅಣ್ಣನ ಮದುವೆಗೆಂದು ರಜೆ ಹಾಕಿ ಹೋಗಿದ್ದಳು. ಮದುವೆ ಮುಗಿದ ಮೇಲೆ ಅಣ್ಣ ಕತ್ತಿ ಹಿಡಿದು ಮನೆಯ ಹತ್ತಿರ ನೀರು ಹರಿಯುವ ತೋಡಿನ ಬದಿಯ ಮುಂಡಕದ ಪೊದೆ ಕಡಿಯುತ್ತಿದ್ದನಂತೆ, ಸುಟ್ಟು ಜಾಗ ಚೊಕ್ಕ ಮಾಡಲು. ಊರಲ್ಲಿ ಅದು ಬರೀ ಮುಳ್ಳಿನ ಬೇಲಿ. ದನ ಒಳಗೆ ಬಾರದಿದ್ದರೆ ಸಾಕು ಎಂದು ಬಿಟ್ಟದ್ದು. ವರ್ಷಕ್ಕೆ ಎರಡು ಹಬ್ಬಕ್ಕೆ ನಾಲ್ಕು ಎಲೆ ಕೊಯ್ದರೆ ಆಯಿತು, ಉಳಿದದ್ದು ಹಾವಿಗೆ. ಕತ್ತಿ ಬೀಳುತ್ತಿದ್ದ ಆ ಪೊದೆಯ ಮುಂದೆ ನಿಂತಾಗ ಬೈಕುಲ್ಲಾದ ಗಿರಾಕಿಗಳ ಮುಖ ನೆನಪಾಯಿತು ಎಂದು ಆಮೇಲೆ ಹೇಳಿದಳು. ಅಣ್ಣನ ಕತ್ತಿ ಕಸಿದುಕೊಂಡಳು. ಮನೆಯವರೆಲ್ಲ ನಕ್ಕರು. "ಬೊಂಬಾಯಿಗೆ ಹೋಗಿ ಬುದ್ಧಿ ಕಲ್ತು ಬಂದದ್ದು ನೋಡಿ, ಮುಳ್ಳು ಮಾರ್ತಾಳಂತೆ" ಎಂದು ಅಣ್ಣ ಇಡೀ ಊರಿಗೆ ಸಾರಿದ.

ಅವಳು ವಾಪಸು ಬರಲಿಲ್ಲ. ಫೋನಿನಲ್ಲಿ ನನಗೆ ಎಲ್ಲ ವರದಿ ಬರುತ್ತಿತ್ತು. ಎಲೆಯ ಎರಡು ಅಂಚಿನಲ್ಲಿ, ನಡುನರದ ಬೆನ್ನಿನಲ್ಲಿ, ಮೂರು ಸಾಲು ಮುಳ್ಳು. ಅದನ್ನು ಕತ್ತಿಯಿಂದ ಉದ್ದಕ್ಕೆ ಸೀಳಿ ತೆಗೆಯಬೇಕು. ಆಮೇಲೆ ಕೆಂಡದ ಮೇಲೆ ಆಡಿಸಿದರೆ ಬಣ್ಣ ಬದಲಾಗಿ ಎಲೆ ಬಟ್ಟೆಯಂತೆ ಬಗ್ಗುತ್ತದೆ. ಎರಡು ತುಂಡು ಅಡ್ಡಡ್ಡ ಇಟ್ಟು ತಳ ಮಾಡಿ, ಉದ್ದೆಲೆಯನ್ನು ಸುತ್ತುತ್ತ ಹೋಗಿ, ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ನಿಲ್ಲಿಸಬೇಕು. ಇದು ಊರಿನ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಆದರೆ ಒಬ್ಬೊಬ್ಬರ ಮೂಡೆ ಒಂದೊಂದು ಗಾತ್ರ, ಕೈಯಳತೆಯೇ ಅಳತೆ. ಹೋಟೆಲಿಗೆ ಅದು ನಡೆಯುವುದಿಲ್ಲ. ಸಣ್ಣದು ಬೆಂದಾಗ ದೊಡ್ಡದು ಹಸಿ ಇರುತ್ತದೆ, ದೊಡ್ಡದು ಸಿಕ್ಕವನ ಪಕ್ಕದಲ್ಲಿ ಸಣ್ಣದು ಸಿಕ್ಕವನು ಜಗಳ ತೆಗೆಯುತ್ತಾನೆ. ಇವಳು ಎಲ್ಲರ ಕೈಗೂ ಒಂದೇ ಅಳತೆಗೆ ಕೊಯ್ದ ಬಿದಿರಿನ ತುಂಡು ಕೊಟ್ಟಳು. ಅದರ ಸುತ್ತ ಸುತ್ತಿ, ಬಿದಿರು ಹೊರಗೆ ಎಳೆಯುವುದು. ಮೊದಲಿಗೆ ಮುದುಕಿಯರು ಮುನಿಸಿಕೊಂಡರಂತೆ. "ನಮ್ಗೆ ಮೂಡೆ ಕಟ್ಲಿಕ್ಕೆ ಇವಳು ಕಲಿಸ್ತಾಳಾ?"

ಮೊದಲ ಮೂಟೆ ಕೆಟ್ಟಿತು. ಹಸಿ ಇರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಬಸ್ಸಿಗೆ ಹಾಕಿದ್ದಳು. ನಾನೇ ಹೋಗಿ ಬಿಡಿಸಿಕೊಂಡೆ. ಒಳಗೆಲ್ಲ ಬೆವರಿ, ಕಪ್ಪು ಬೂಷ್ಟು ಹಿಡಿದಿತ್ತು. ಫೋನಿನಲ್ಲಿ ಹೇಳಿದೆ. "ಎಲೆ ಉಸಿರಾಡ್ತದೆ ಅಕ್ಕ, ನಾನು ಮೂಗು ಮುಚ್ಚಿದೆ" ಎಂದಳು. ಮುಂದಿನ ಸಲ ನೆರಳಿನಲ್ಲಿ ಹಸಿರು ಮಾಸುವವರೆಗೆ ಆರಿಸಿ, ಒಣಹುಲ್ಲಿನ ಜೊತೆ ಗೋಣಿಯಲ್ಲಿ ತುಂಬಿ, ಮೂಟೆಯೊಡನೆ ತಾನೇ ಬಸ್ ಹತ್ತಿದಳು. ಅಷ್ಟಮಿಗೆ ಮುಂಚೆ ಒಮ್ಮೆ ಮಾಡಿ ತೋರಿಸು, ಸರಿಯಾದರೆ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಕೌಂಟರಿಗೆ ಬಾ ಎಂದು ಹೋಟೆಲಿನ ದಣಿ ಹೇಳಿದ್ದರು. ಊರಲ್ಲಿ ನಕ್ಕವರ ಮುಂದೆ ತಲೆಯೆತ್ತಿ ನಿಲ್ಲುವುದೋ, ಮತ್ತೆ ಆ ಕೌಂಟರಿನ ಹಿಂದೆಯೇ ನಿಲ್ಲುವುದೋ ಎಂಬುದು ಆ ಒಂದು ಮಧ್ಯಾಹ್ನದ ಮೇಲೆ ನಿಂತಿತ್ತು.

ಆ ಮಧ್ಯಾಹ್ನ ನಾನೂ ಹೋಗಿದ್ದೆ. ಊಟದ ಗದ್ದಲ ಮುಗಿದು ಅಡುಗೆಮನೆ ಖಾಲಿಯಾಗಿತ್ತು. ಮಾವ ಇಡ್ಲಿ ಬೇಯಿಸುವ ಸ್ಟೀಮ್ ಪೆಟ್ಟಿಗೆ ಸಜ್ಜು ಮಾಡಿದ್ದರು. ಬೀರುವಿನಂಥ ಹಳೆಯ ಪೆಟ್ಟಿಗೆ: ತಳದಲ್ಲಿ ನೀರು, ಅದರ ಕೆಳಗೆ ಗ್ಯಾಸು, ಬಾಗಿಲಿಗೆ ರಬ್ಬರ್ ಅಂಚು, ಬಿಗಿಯಲು ಹಿಡಿಗಳು, ನೆತ್ತಿಯಲ್ಲಿ ಆವಿ ಹೊರಹೋಗಲು ಒಂದು ಕೊಳವೆ. ಅವಳು ಮೂಡೆಗಳನ್ನು ನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಕೊಟ್ಟಳು. ಅಷ್ಟರಲ್ಲಿ ದಣಿ ಕರೆದರೆಂದು ಹೊರಗೆ ಹೋದಳು. ಮಾವ ಹಿಟ್ಟು ಹೊಯ್ದರು. ಜೀವಮಾನವೆಲ್ಲ ಇಡ್ಲಿ ತಟ್ಟೆ ತುಂಬಿದ ಕೈ ಅದು, ಕಂಠದವರೆಗೆ ತುಂಬಿತು. ನಡುವಿನ ತಟ್ಟೆಗಳನ್ನು ತೆಗೆದು ಮೂಡೆಗಳನ್ನು ನಿಲ್ಲಿಸಿದರು. ಮೇಲಿನ ಸಾಲು ಪೆಟ್ಟಿಗೆಯ ನೆತ್ತಿಯ ಹತ್ತಿರಕ್ಕೇ ಬಂತು. ಆವಿಯ ನೀರು ತೊಟ್ಟಿಕ್ಕದಿರಲೆಂದು, ಮನೆಗಳಲ್ಲಿ ಮಾಡುವ ಹಾಗೆ, ಮೇಲೊಂದು ಬಾಳೆಲೆ ಹೊದೆಸಿದರು. ಬಾಗಿಲು ಬಿಗಿದರು.

ನಾನು ಬಾಗಿಲಿನ ಎದುರೇ ನಿಂತಿದ್ದೆ. ಮೊದಲು ತೆಗೆಯುವ ಮೂಡೆಯ ಫೋಟೋ ತೆಗೆಯಬೇಕೆಂದು ಕೈಯಲ್ಲಿ ಫೋನು. ಕೊಳವೆಯಿಂದ ಆವಿ ಬುಸುಗುಡುತ್ತಿತ್ತು. ಅವಳು ಒಳಗೆ ಬಂದಳು. ಸ್ವಲ್ಪ ಹೊತ್ತಿಗೆ ಆ ಬುಸುಬುಸು ಸದ್ದು ನಿಂತಿತು.

ನೆನಪಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಮೌನದಲ್ಲಿ. ಎಷ್ಟು ಹಾಯಾಗಿತ್ತು ಅದು... ಸದ್ದು ನಿಂತಿತಲ್ಲ, ಬೆಂದಿರಬೇಕು ಎಂದುಕೊಂಡೆ.

"ಮಾವ, ಆವಿ ಬರುದಿಲ್ಲ" ಎಂದಳು ಅವಳು.

"ಗ್ಯಾಸ್ ಕಮ್ಮಿ ಆಗಿರ್ಬೇಕು. ತೆಗೆದು ನೋಡ್ವ" ಎಂದು ಮಾವ ಹಿಡಿಗೆ ಕೈ ಹಾಕಿದರು.

"ಮೇಲೆ ಎಲೆ ಹಾಕಿದ್ರಾ? ಮುಟ್ಬೇಡಿ, ಮಾವ. ಬದಿಗೆ ಬನ್ನಿ."

ಹೇಳುತ್ತಲೇ ಬಗ್ಗಿ ಗ್ಯಾಸ್ ಆರಿಸಿದಳು. ಏಳುತ್ತ ಒಂದು ಕೈಯಿಂದ ಮಾವನನ್ನು ದೂಡಿ, ಇನ್ನೊಂದರಿಂದ ನನ್ನ ದುಪಟ್ಟಾ ಹಿಡಿದು ಎಳೆದಳು. ನಾನು ಹಿಟ್ಟಿನ ಡಬ್ಬಿಗಳ ಮೇಲೆ ಬಿದ್ದೆ. ಆಗ ಬಾಗಿಲು ಹಾರಿತು. ನಾನು ನಿಂತಿದ್ದ ಜಾಗದ ಮೂಲಕ ಆವಿಯ ಬಿಳಿ ಗೋಡೆಯೊಂದು ಹಾದುಹೋಗಿ ಎದುರಿನ ಟೈಲ್ಸಿಗೆ ಬಡಿಯಿತು. ಬಾಗಿಲ ಹಿಡಿ ನನ್ನ ಎದೆಯ ಎತ್ತರಕ್ಕೆ ಗೋಡೆಯಲ್ಲಿ ಗುರುತು ಮಾಡಿತ್ತು. ಇಂದಿಗೂ ಲೋಕಲ್ ರೈಲಿನಲ್ಲಿ ಕುಳಿತಾಗ, ಏನೂ ಕಾರಣವಿಲ್ಲದೆ, ಆ ಎತ್ತರ ನನ್ನ ಮೈಯಲ್ಲಿ ತಟ್ಟುತ್ತದೆ...

ಹಿಟ್ಟು ಉಬ್ಬಿ ಬಾಳೆಲೆಯನ್ನು ಮೇಲಕ್ಕೆತ್ತಿತ್ತು. ಬೆಂದು ಮೆತ್ತಗಾದ ಎಲೆ ಕೊಳವೆಯ ಬಾಯಿಗೆ ಅಂಟಿಕೊಂಡಿತ್ತು. ಅಷ್ಟೇ. ಮನೆಯ ಪಾತ್ರೆಯಲ್ಲಿ ಅದರಿಂದ ಏನೂ ಆಗುವುದಿಲ್ಲ. ಮುಚ್ಚಳ ತಾನೇ ಎದ್ದು ಆವಿ ಬಿಡುತ್ತದೆ. ಬಿಗಿದ ಪೆಟ್ಟಿಗೆಗೆ ಆ ಪದ್ಧತಿ ಹೇಗೆ ಗೊತ್ತಿರಬೇಕು?

ದಣಿ ಓಡಿ ಬಂದರು. ಅವಳ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕೆಂಪಾಗಿತ್ತು. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ಮಾವ ಮೂಲೆಯಲ್ಲಿ ಕುಳಿತುಬಿಟ್ಟಿದ್ದರು.

"ಸಾಕು ಮಾರಾಯ್ತಿ. ನಮ್ಗೆ ಲೋಟದ್ದೇ ಆಗ್ತದೆ. ಡಾಕ್ಟ್ರ ಹತ್ರ ಹೋಗು, ನಾಳೆಯಿಂದ ಕೌಂಟರಿಗೆ ಬಾ" ಎಂದರು ದಣಿ.

ಅವಳು ನಲ್ಲಿ ನಿಲ್ಲಿಸಲಿಲ್ಲ, ತಿರುಗಲೂ ಇಲ್ಲ. "ತಪ್ಪು ಮೂಡೆದ್ದಲ್ಲ ದಣಿ. ಇನ್ನೂ ಅರ್ಧ ಮೂಟೆ ಉಂಟು. ಅನ್ನ ಮಾಡುವ ದೊಡ್ಡ ಹಂಡೆ ಕೊಡಿ. ತಿಂದು ನೋಡಿ ಬೇಡ ಹೇಳಿ. ತಿನ್ನದೆ ಹೇಳ್ಬೇಡಿ."

ದಣಿ ನನ್ನ ಮುಖ ನೋಡಿದರು. ನಾನು ಎದ್ದು ಹಂಡೆ ಎಳೆದುಕೊಂಡು ಬಂದೆ. ಅವಳು ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಹೇಳುತ್ತ ಹೋದಳು. ಮಾವ ಮಾಡುತ್ತ ಹೋದರು. ತಳಕ್ಕೆ ನೀರು, ಅದರ ಮೇಲೆ ತೂತಿನ ತಟ್ಟೆ. ಮೂಡೆಯ ಮುಕ್ಕಾಲಿಗೆ ಮಾತ್ರ ಹಿಟ್ಟು, ಉಬ್ಬಲು ಮೇಲೆ ಜಾಗ. ಮುಚ್ಚಳಕ್ಕೆ ಒಳಗಿನಿಂದ ಬಟ್ಟೆ ಬಿಗಿದರೆ ನೀರು ಅದಕ್ಕೇ ಹೀರಿಕೊಳ್ಳುತ್ತದೆ, ಎಲೆ ಬೇಡ. ಮುಚ್ಚಳ ಸುಮ್ಮನೆ ಇಟ್ಟರೆ ಸಾಕು, ಮೇಲೆ ಭಾರ ಬೇಡ. ಇಡ್ಲಿಗಿಂತ ಬಹಳ ಹೊತ್ತು ಬೇಯಬೇಕು, ನಡುವೆ ತೆರೆಯಬಾರದು. ಡಾಕ್ಟರ ಹತ್ತಿರ ಹೋಗೋಣವೆಂದು ನಾನು ಎಷ್ಟು ಸಲ ಎಳೆದರೂ "ಬೆಂದ ಮೇಲೆ" ಎಂದಳು.

ದಣಿ ನಿಂತೇ ತಿಂದರು. ಕಡ್ಡಿ ಕಿತ್ತು ಸುತ್ತು ಬಿಚ್ಚಿದರು. ಬಿಳಿ ಕಡುಬಿನ ಮೈಮೇಲೆ ಎಲೆಯ ಗೆರೆಗಳು ಮೂಡಿದ್ದವು. ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿದರು, ಮತ್ತೊಮ್ಮೆ ಮೂಸಿದರು. ಅವರೂ ಆ ಕಡೆಯವರೇ ಅಲ್ಲವೇ... ಕೊನೆಯ ತುತ್ತು ಮುಗಿಸಿ ಕೇಳಿದರು: "ಚೌತಿಗೂ ಕಳಿಸ್ತೀಯಾ?"

"ಮುಂಚೆ ಹೇಳ್ಬೇಕು. ಎಲೆ ಕೊಯ್ದ ಮೇಲೆ ಕಾಯುದಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ಹೋಗುವ ಅಕ್ಕ, ಉರಿ ತಡೀಲಿಕ್ಕೆ ಆಗುದಿಲ್ಲ" ಎಂದಳು.

ಅವಳು ಮತ್ತೆ ಕೌಂಟರಿಗೆ ಬರಲಿಲ್ಲ. ಹೋಟೆಲಿನಿಂದ ಹೋಟೆಲಿಗೆ ಮಾತು ಹೋಯಿತು. ಕಡಿಯಬೇಕೆಂದಿದ್ದ ಅಣ್ಣನೇ ತೋಡಿನುದ್ದಕ್ಕೆ ಮುಂಡಕದ ಕೊಂಬೆ ನೆಟ್ಟ. ಹಬ್ಬವಿಲ್ಲದ ತಿಂಗಳಲ್ಲೂ ಮದುವೆ, ಸೀಮಂತಗಳಿಗೆ ಮೂಡೆ ಹೋಗತೊಡಗಿತು. ಎಲೆ ಆರಿಸಲು ಪೊದೆಗೆ ಅವಳೇ ಇಳಿಯುತ್ತಿದ್ದಳು. ಎಳೆಯದು ಬೇಯುವಾಗ ಹರಿಯುತ್ತದೆ, ಬಲಿತದ್ದು ಬಗ್ಗುವಾಗ ಮುರಿಯುತ್ತದೆ, ಬೇರೆಯವರ ಕಣ್ಣಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಹೋದ ಮಳೆಗಾಲದಲ್ಲಿ ತೋಡಿನ ನೀರಿನಲ್ಲಿ ನಿಂತು ಕೊಯ್ದು ಬಂದವಳಿಗೆ ಜ್ವರ ಬಂತು. ಇಲಿಜ್ವರ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು, ಅವಳು ಉಳಿಯಲಿಲ್ಲ. ನನ್ನನ್ನು ಎಳೆದು ಬದಿಗೆ ಹಾಕಿದ ಕೈ... ಅವಳನ್ನು ಎಳೆಯಲು ಅಲ್ಲಿ ಯಾರೂ ಇರಲಿಲ್ಲ.

ಇಂದು ಬಂದ ಈ ಮೂಟೆ ಕಳಿಸಿದವಳು ಅವಳ ಅತ್ತಿಗೆ, ಆ ಅಣ್ಣನ ಹೆಂಡತಿ. ನಾಲ್ಕು ಮೂಡೆ ಬೇಯಿಸಿ ನೋಡಿದ್ದೆ; ಸಂಜೆ ಅತ್ತಿಗೆಯ ಫೋನು ಬಂತು.

"ಹೇಗಾಗಿದೆ ಅಕ್ಕ? ಸರಿ ಹೇಳಿ, ದಾಕ್ಷಿಣ್ಯ ಬೇಡ."

ಚೆನ್ನಾಗಿದೆ ಎನ್ನಲು ಬಾಯಿ ತೆರೆದೆ. ಹೇಳಲಿಲ್ಲ. "ಒಂದೆರಡು ಬೇಯುವಾಗ ಬಿಚ್ಚಿಕೊಂಡವು. ಕಡ್ಡಿ ಒಂದೇ ಪದರಕ್ಕೆ ಚುಚ್ಚಿದ್ದಾರೆ" ಎಂದೆ.



"ಅವಳಿದ್ದಿದ್ರೆ ಇಡೀ ಮೂಟೆ ಬಿಚ್ಚಿಸ್ತಿದ್ಳು" ಎಂದಳು ಅತ್ತಿಗೆ. ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದು ಅಂಗಳದ ಕಡೆಗೆ ಕೂಗಿದಳು, ನನಗೂ ಕೇಳುವಂತೆ: "ಚೌತಿಯ ಮೂಟೆ ಕಟ್ಬೇಡಿ, ನಿಲ್ಲಿ. ಎಲ್ಲ ಒಮ್ಮೆ ನೋಡ್ಬೇಕು."